ವಿಭಾಗದ ದಾವೆ ರಾಜಿಯಲ್ಲಿ ಮುಗಿಸುವಾಗ ಏನೇನು ಬರೆಸಬೇಕು?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಅಪ್ಪ ಕ್ರಯಕ್ಕೆ ತಗೊಂಡ 4 ಎಕರೆ 20 ಗುಂಟೆ ಜಮೀನು ಮತ್ತು ಊರಲ್ಲಿ ಒಂದು ಮನೆ ಇದೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಅಣ್ಣ ನನ್ನ ಮೇಲೂ ಅಮ್ಮನ ಮೇಲೂ ವಿಭಾಗಕ್ಕೆ ದಾವೆ ಹಾಕಿ ಆರು ವರ್ಷ ಆಯಿತು. ಈಗ ಹಿರಿಯರು ಕೂತು ಒಪ್ಪಂದ ಮಾಡಿಸಿದ್ದಾರೆ. ಛಾಪಾ ಕಾಗದದ ಮೇಲೆ ಬರೆದು ನಾನೂ ಅಣ್ಣನೂ ಸಹಿ ಹಾಕಿದ್ದೇವೆ. ರಸ್ತೆ ಕಡೆಯ ಮಾವಿನ ತೋಟ ಅಣ್ಣನಿಗೆ, ಬೋರ್ ಇರುವ ಹಿಂದಿನ ಭಾಗ ಮತ್ತು ಮನೆ ನನಗೆ, ನೀರು ಇಬ್ಬರಿಗೂ. ಕೋಲಾರದ ಹತ್ತಿರ ನನ್ನ ಹೆಸರಲ್ಲಿರುವ ಸೈಟು ಅಣ್ಣನಿಗೆ ಬಿಡಬೇಕು, ಅದು ದಾವೆಯಲ್ಲಿ ಇಲ್ಲ. ಅಕ್ಕನಿಗೆ 6 ಲಕ್ಷ ಕೊಡೋದು ಅಂತ ಮಾತು, ಅವಳೂ ದಾವೆಯಲ್ಲಿ ಇಲ್ಲ. ಅಮ್ಮ ಏನೂ ಬೇಡ ಅಂತಾರೆ. ಕೋರ್ಟಿಗೆ ಏನು ಬರೆದುಕೊಟ್ಟರೆ ಮತ್ತೆ ಕೋರ್ಟು ಹತ್ತೋದು ತಪ್ಪುತ್ತೆ?

ಉತ್ತರ:

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ವಕೀಲಿಕೆ ಶುರು ಮಾಡಿದ ಹೊಸತರಲ್ಲಿ ನಿಮ್ಮಂಥದ್ದೇ ಒಂದು ದಾವೆಗೆ ರಾಜಿ ಅರ್ಜಿ ಬರೆದಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: 'ಕೊಳವೆಬಾವಿಯ ನೀರನ್ನು ಉಭಯ ಪಕ್ಷಕಾರರು ಸಮಾನವಾಗಿ ಬಳಸತಕ್ಕದ್ದು.' ಬರೆದಾಗ ಚೆನ್ನಾಗೇ ಕಾಣಿಸಿತ್ತು. ಮೂರನೇ ಬೇಸಿಗೆಗೆ ಮೋಟಾರು ಸುಟ್ಟಿತು. ರಿಪೇರಿಗೆ ಯಾರು ಕೊಡಬೇಕು ಅಂತ ಡಿಕ್ರಿಯಲ್ಲಿ ಇರಲಿಲ್ಲ. ತಮ್ಮ ಕೊಟ್ಟ, ಅಣ್ಣ ಕೊಡಲಿಲ್ಲ. ತಮ್ಮ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿದ. ಅಣ್ಣ ಡಿಕ್ರಿ ಹಿಡಿದು, ಅದನ್ನು ಜಾರಿ ಮಾಡಿಸಿಕೊಡಿ ಅಂತ ಅಮಲ್ಜಾರಿ ಅರ್ಜಿ ಹಾಕಿದ. ನ್ಯಾಯಾಧೀಶರು ಒಂದೇ ಪ್ರಶ್ನೆ ಕೇಳಿದರು: 'ಸಮಾನವಾಗಿ ಅಂದರೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ? ಜಾರಿ ಮಾಡಲು ಹೋಗುವ ಅಮೀನನಿಗೆ ನಾನು ಏನು ಅಂತ ಆದೇಶ ಕೊಡಲಿ?' ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ನಾನು ಯಾವ ರಾಜಿ ಅರ್ಜಿಯನ್ನು ಬರೆದರೂ ಕೊನೆಗೊಮ್ಮೆ ಮೂರು ಜನರ ಕಣ್ಣಿನಿಂದ ಓದುತ್ತೇನೆ. ಒಬ್ಬರು ಸರ್ವೇಯರ್. ಇನ್ನೊಬ್ಬರು ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆ ಮಾಡುವವರು. ಮೂರನೆಯವರು ಕೋರ್ಟಿನ ಅಮೀನ. ಈ ಮೂವರಿಗೂ ನಿಮ್ಮ ಮನೆ ಕಥೆ ಗೊತ್ತಿಲ್ಲ, ಪಂಚಾಯ್ತಿಯಲ್ಲಿ ಏನು ಮಾತಾಯಿತು ಅಂತಲೂ ಗೊತ್ತಿಲ್ಲ. ನಿಮ್ಮನ್ನೂ ನಿಮ್ಮಣ್ಣನನ್ನೂ ಏನೂ ಕೇಳದೆ, ಬರೀ ಕಾಗದ ನೋಡಿಕೊಂಡು ಅವರು ಕೆಲಸ ಮುಗಿಸುವಂತಿರಬೇಕು. ಎಲ್ಲಿ ಅವರು ನಿಂತು 'ಇದೇನು?' ಅಂತ ಕೇಳುತ್ತಾರೋ ಅಲ್ಲೇ ನಿಮ್ಮ ಮುಂದಿನ ಕೇಸು ಕೂತಿರುತ್ತದೆ.

ಈಗ ನಿಮ್ಮ ಛಾಪಾ ಕಾಗದದ ವಿಷಯ. ಅದು ದಾವೆಯನ್ನು ಮುಗಿಸುವುದಿಲ್ಲ. ನೋಂದಣಿ ಆಗದ ಪಾಲುಪಟ್ಟಿಯನ್ನು ಆಸ್ತಿ ಹಂಚಿದ್ದಕ್ಕೆ ಸಾಕ್ಷಿ ಅಂತ ಹಾಜರು ಮಾಡಲೂ ಬರುವುದಿಲ್ಲ. ಅದನ್ನು ಕರಡು ಅಂತ ಇಟ್ಟುಕೊಳ್ಳಿ. ದಾವೆ ಮುಗಿಯಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರ ಪ್ರಕಾರ ರಾಜಿ ಅರ್ಜಿ ಹಾಕಬೇಕು. ಅದು ಬರಹದಲ್ಲಿರಬೇಕು, ಪಕ್ಷಕಾರರ ಸಹಿ ಇರಬೇಕು, ಒಪ್ಪಂದ ಕಾನೂನುಬದ್ಧವಾಗಿದೆ ಅಂತ ನ್ಯಾಯಾಧೀಶರಿಗೆ ಮನವರಿಕೆ ಆಗಬೇಕು. ಆಗ ಅವರು ಅದನ್ನು ದಾಖಲು ಮಾಡಿಕೊಂಡು ಅದರಂತೆ ಡಿಕ್ರಿ ಮಾಡುತ್ತಾರೆ.

ಹಾಗೆ ಆದ ಡಿಕ್ರಿ ಮೇಲೆ ಅಪೀಲು ಇಲ್ಲ. ರಾಜಿ ಸರಿ ಇರಲಿಲ್ಲ ಅಂತ ಬೇರೆ ದಾವೆಯನ್ನೂ ಹಾಕಲಾಗದು, ನಿಯಮ 3ಎ ಅದನ್ನು ತಡೆಯುತ್ತದೆ. ಮೋಸ ಆಗಿದೆ ಅನ್ನುವವರು ಡಿಕ್ರಿ ಮಾಡಿದ ಅದೇ ಕೋರ್ಟಿಗೆ ಅರ್ಜಿ ಹಾಕಬೇಕು. ಅಂದರೆ ಬಾಗಿಲು ಜೋರಾಗೇ ಮುಚ್ಚುತ್ತದೆ. ಆದರೆ ರಾಜಿಗೆ ಸಹಿ ಹಾಕಿದವರಿಗೆ ಮಾತ್ರ ಮುಚ್ಚುತ್ತದೆ, ಹೊರಗಿದ್ದವರಿಗೆ ಅಲ್ಲ. ಅದಕ್ಕೇ ನಾನು ಅಕ್ಕನಿಂದ ಶುರು ಮಾಡುತ್ತೇನೆ.

ನಿಮ್ಮಪ್ಪ ಸ್ವಂತ ದುಡ್ಡಲ್ಲಿ ತಗೊಂಡ ಜಮೀನು, ಉಯಿಲು ಇಲ್ಲ. ಹಾಗಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಅಣ್ಣ, ನೀವು, ಅಕ್ಕ ನಾಲ್ವರಿಗೂ ಸಮ ಪಾಲು. ತಲಾ ನಾಲ್ಕನೇ ಒಂದು. ಅಕ್ಕನಿಗೆ ಮದುವೆಯಾಗಿ ಎಷ್ಟು ವರ್ಷವಾಯಿತು, ಮದುವೆಗೆ ಎಷ್ಟು ಖರ್ಚಾಯಿತು ಅನ್ನುವುದರಿಂದ ಈ ಲೆಕ್ಕ ಬದಲಾಗುವುದಿಲ್ಲ. ಜಮೀನು ತಾತನ ಕಾಲದ್ದಾಗಿದ್ದರೂ ಅಕ್ಕ ಹೊರಗೆ ಉಳಿಯುತ್ತಿರಲಿಲ್ಲ. 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಅದನ್ನು ಇನ್ನೂ ಗಟ್ಟಿ ಮಾಡಿದೆ.

ನೀವಿಬ್ಬರೇ ಸಹಿ ಹಾಕಿ ಡಿಕ್ರಿ ತಗೊಂಡರೆ ಅಕ್ಕನಿಗೆ ಅದು ಬರೀ ಕಾಗದ. ಆಕೆ ನಾಳೆ, ಇಲ್ಲವೇ ಆಕೆಯ ಮಕ್ಕಳು ಮುಂದೆ, ಹೊಸ ದಾವೆ ಹಾಕಬಹುದು. 'ನಾನು ಕೇಳಲ್ಲ ಬಿಡ್ರೋ' ಅಂತ ಅಕ್ಕ ಬಾಯಲ್ಲಿ ಹೇಳಿದ್ದು ಹಕ್ಕು ಬಿಡುಗಡೆ ಆಗುವುದಿಲ್ಲ. ಆಕೆಗೆ 6 ಲಕ್ಷ ಕೊಟ್ಟು ಬಿಳಿ ಹಾಳೆ ಮೇಲೆ ರಸೀದಿ ಬರೆಸಿಕೊಂಡರೂ ಆಗುವುದಿಲ್ಲ. ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಲೇಬೇಕು. ಇಲ್ಲವೇ ಆಕೆ ದಾವೆಯೊಳಗೆ ಬಂದು ರಾಜಿಗೇ ಸಹಿ ಹಾಕಬೇಕು. ಎರಡನೆಯದು ಸುಲಭ. ನಿಮ್ಮಣ್ಣನ ವಕೀಲರು ಆದೇಶ 1, ನಿಯಮ 10ರ ಕೆಳಗೆ ಒಂದು ಅರ್ಜಿ ಹಾಕಿ ಅಕ್ಕನನ್ನು ಪ್ರತಿವಾದಿಯಾಗಿ ಸೇರಿಸಲಿ. ಎಲ್ಲರೂ ಒಪ್ಪಿರುವಾಗ ಇದಕ್ಕೆ ಜಾಸ್ತಿ ದಿನ ಬೇಕಾಗುವುದಿಲ್ಲ. ದಾವಾಪತ್ರದ ವಂಶವೃಕ್ಷದಲ್ಲೂ ಆಕೆಯ ಹೆಸರು ಬರಲಿ.

ರಾಜಿಯಲ್ಲಿ ಅಕ್ಕನ ಪ್ಯಾರಾ ಹೀಗಿರಬೇಕು: ದಾವೆಯ ಸ್ವತ್ತುಗಳ ಪಟ್ಟಿ, ಅಂದರೆ ಷೆಡ್ಯೂಲಿನಲ್ಲಿರುವ ಸ್ವತ್ತುಗಳಲ್ಲಿ ತನಗೆ ನಾಲ್ಕನೇ ಒಂದು ಪಾಲು ಇದೆ ಅಂತ ಆಕೆಗೆ ಗೊತ್ತಿದೆ, ಅದರ ಬದಲು 6 ಲಕ್ಷ ರೂಪಾಯಿ ಪಡೆದು ಪಾಲನ್ನು ಇಬ್ಬರು ತಮ್ಮಂದಿರ ಪರ ಬಿಟ್ಟುಕೊಟ್ಟಿದ್ದಾಳೆ. (ನಿಮ್ಮಣ್ಣ ಆಕೆಗೂ ಅಣ್ಣನೇ ಆಗಿದ್ದರೆ ಆ ಪದ ಸರಿ ಮಾಡಿಕೊಳ್ಳಿ.) 'ಪಾಲು ಇದೆ ಅಂತ ಗೊತ್ತಿದೆ' ಅನ್ನೋ ಮಾತು ತುಂಬಾ ಮುಖ್ಯ. ಗೊತ್ತಿಲ್ಲದೆ ಸಹಿ ಹಾಕಿದೆ ಅನ್ನುವ ತಕರಾರಿಗೆ ಅದೇ ಉತ್ತರ.

ದುಡ್ಡನ್ನು ತಲಾ 3 ಲಕ್ಷದಂತೆ ಎರಡು ಡಿ.ಡಿ. ಮಾಡಿಸಿ. ನಂಬರು, ತಾರೀಖು, ಬ್ಯಾಂಕಿನ ಹೆಸರು ಅರ್ಜಿಯಲ್ಲೇ ಬರಲಿ. ರಾಜಿ ದಾಖಲಾಗುವ ದಿನ ನ್ಯಾಯಾಧೀಶರ ಎದುರಿಗೇ ಆಕೆಯ ಕೈಗೆ ಕೊಡಿ. ಕಂತಿನಲ್ಲಿ ಕೊಡೋದು ಅಂದರೆ ನನಗೆ ಇಷ್ಟ ಇಲ್ಲ. ಬೇರೆ ದಾರಿ ಇಲ್ಲದಿದ್ದರೆ ಯಾವ ತಾರೀಖಿಗೆ ಎಷ್ಟು, ತಪ್ಪಿದರೆ ಬಡ್ಡಿ ಎಷ್ಟು, ಅದು ಯಾರ ಪಾಲಿನ ಜಮೀನಿನ ಮೇಲೆ ಹೊರೆಯಾಗಿ ಕೂರುತ್ತದೆ ಅಂತ ಬರೆಯಬೇಕು. ದುಡ್ಡು ತಪ್ಪಿದರೆ ವಸೂಲಿ ಮಾತ್ರ, ಹಂಚಿಕೆ ಮುರಿಯುವುದಿಲ್ಲ ಅಂತಲೂ ಬರೆಯಬೇಕು. ಇಲ್ಲದಿದ್ದರೆ ಅಣ್ಣ ಒಂದು ಕಂತು ತಪ್ಪಿಸಿದ ಅಂತ ನಿಮ್ಮ ಪಾಲೂ ಅಲ್ಲಾಡುತ್ತದೆ.

ಅಮ್ಮನ ವಿಷಯ ಇನ್ನೂ ಸೂಕ್ಷ್ಮ. ಏನೂ ಬೇಡ ಅನ್ನುವ ಅಮ್ಮಂದಿರನ್ನು ನಾನು ತುಂಬಾ ಜನರನ್ನು ನೋಡಿದ್ದೇನೆ. ಆಮೇಲೆ ಜೀವನಾಂಶಕ್ಕೆ ಅಂತ ಬಂದವರನ್ನೂ ನೋಡಿದ್ದೇನೆ. ಆಕೆಗೂ ನಾಲ್ಕನೇ ಒಂದು ಪಾಲಿದೆ. ಅದನ್ನು ಬಿಡುತ್ತಾರೆ ಅಂದರೆ ಬದಲಿಗೆ ಏನು ಸಿಗುತ್ತದೆ ಅಂತ ಕಾಗದದಲ್ಲಿ ಇರಲೇಬೇಕು. ಉದಾಹರಣೆಗೆ ಇಬ್ಬರು ಮಕ್ಕಳೂ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ತಲಾ 4,000 ರೂಪಾಯಿ ಅಮ್ಮನ ಬ್ಯಾಂಕ್ ಖಾತೆಗೆ ಹಾಕುವುದು, ಊರಿನ ಮನೆಯ ಇಂಥ ಕೋಣೆಯಲ್ಲಿ ಅಮ್ಮ ಇರುವಷ್ಟು ದಿನ ವಾಸ ಮಾಡುವುದು, ಅಡುಗೆಮನೆ, ಬಚ್ಚಲು ಬಳಸುವುದು. ಆಸ್ಪತ್ರೆ ಖರ್ಚಿನ ಬಗ್ಗೆಯೂ ಒಂದು ಸಾಲು ಬರಲಿ.

ಇಲ್ಲಿ ಒಂದು ಗುಂಡಿ ಇದೆ. ಎಷ್ಟೋ ಜನ ಸಲೀಸಾಗಿ 'ಮನೆಯನ್ನು ತಾಯಿಗೆ ಜೀವಿತಾವಧಿಗೆ ಬಿಟ್ಟಿದೆ, ನಂತರ ಮಗನಿಗೆ' ಅಂತ ಬರೆದುಬಿಡುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ, ಹೆಣ್ಣಿಗೆ ಮೊದಲೇ ಇದ್ದ ಹಕ್ಕಿನ ಬದಲಾಗಿ ಸ್ವತ್ತು ಕೊಟ್ಟರೆ, ಕಾಗದದಲ್ಲಿ 'ಜೀವಿತಾವಧಿ' ಅಂತಿದ್ದರೂ ಆಕೆ ಪೂರ್ತಿ ಮಾಲೀಕಳಾಗುತ್ತಾಳೆ. 1977ರ ತುಳಸಮ್ಮ ಪ್ರಕರಣ ಇದಕ್ಕೆ ದೊಡ್ಡ ಉದಾಹರಣೆ. ಅಲ್ಲೂ ರಾಜಿಯಲ್ಲೇ ವಿಧವೆಗೆ ಜೀವಿತಾವಧಿಗೆ ಅಂತ ಸ್ವತ್ತು ಬಿಟ್ಟಿದ್ದರು. ಜೀವನಾಂಶದ ಹಕ್ಕಿನ ಬದಲು ಬಂದದ್ದು, ಆದ್ದರಿಂದ ಪೂರ್ತಿ ಆಕೆಯದೇ ಅಂತ ಸುಪ್ರೀಂ ಕೋರ್ಟು ಹೇಳಿತು. ಮನೆ ಅಮ್ಮನದೇ ಆಗಲಿ ಅನ್ನುವುದು ನಿಮ್ಮ ಇಷ್ಟವಾದರೆ ಹಾಗೆಂದೇ ನೇರವಾಗಿ ಬರೆಯಿರಿ, ತುಂಬಾ ಒಳ್ಳೆಯದು. ಮನೆ ನಿಮ್ಮ ಪಾಲಿಗೆ ಬರಬೇಕು, ಅಮ್ಮ ಅಲ್ಲಿ ಇರಬೇಕು ಅಂತಿದ್ದರೆ ಮನೆಯನ್ನು ನಿಮ್ಮ ಪಾಲಿನ ಷೆಡ್ಯೂಲಿಗೆ ಹಾಕಿ, ಅಮ್ಮನಿಗೆ ವಾಸದ ಹಕ್ಕು ಮಾತ್ರ ಬೇರೆ ಪ್ಯಾರಾದಲ್ಲಿ ಬರೆಯಿರಿ. ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಬೇಡಿ.

ಇನ್ನು ಸೈಟು. ರಾಜಿಯಲ್ಲಿ ದಾವೆಯಾಚೆಯ ವಿಷಯವನ್ನೂ ಸೇರಿಸಬಹುದು, ಆದೇಶ 23 ಅದಕ್ಕೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ನೋಂದಣಿ ಕಾಯ್ದೆ. ಕೋರ್ಟಿನ ಡಿಕ್ರಿಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಆದರೆ ಅದೇ ಕಾಯ್ದೆಯ 17(2)(vi) ಒಂದು ವಿನಾಯಿತಿ ಇಟ್ಟಿದೆ: ದಾವೆಯ ವಿಷಯವೇ ಅಲ್ಲದ ಸ್ಥಿರಾಸ್ತಿ ರಾಜಿ ಡಿಕ್ರಿಯಲ್ಲಿ ಬಂದರೆ ಆ ಡಿಕ್ರಿ ನೋಂದಣಿ ಆಗಬೇಕು. ನೀವು ನೋಂದಣಿ ಮಾಡಿಸದೆ ಅದನ್ನು ಹಿಡಿದು ಹೋದರೆ ಅಣ್ಣನ ಹೆಸರಿಗೆ ಸೈಟಿನ ಖಾತೆ ಆಗುವುದಿಲ್ಲ. ನಾಳೆ ಆತ ಮಾರಲು ಹೋದಾಗ ಬ್ಯಾಂಕಿನ ವಕೀಲರು ಅಲ್ಲೇ ಬೆರಳಿಡುತ್ತಾರೆ.

ಇದಕ್ಕೆ ದಾರಿ ಎರಡು. ಸೈಟು ನಿಜಕ್ಕೂ ಕುಟುಂಬದ ದುಡ್ಡಿನದು, ಜಮೀನಿನ ಟೊಮೊಟೊ ದುಡ್ಡಲ್ಲಿ ನಿಮ್ಮ ಹೆಸರಿಗೆ ತಗೊಂಡದ್ದು ಅಂತಿದ್ದರೆ, ದಾವಾಪತ್ರಕ್ಕೆ ತಿದ್ದುಪಡಿ ಅರ್ಜಿ ಹಾಕಿ ಅದನ್ನೂ ಷೆಡ್ಯೂಲಿನಲ್ಲಿ ಒಂದು ಐಟಂ ಆಗಿ ಮೊದಲು ಸೇರಿಸಿ. ತಿದ್ದುಪಡಿ ಆದ ಮೇಲೆ ರಾಜಿ. ಆಗ ಅದು ದಾವೆಯ ವಿಷಯವೇ ಆಗುತ್ತದೆ. ಸೈಟು ನೀವು ಸ್ವಂತ ದುಡಿಮೆಯಲ್ಲಿ ತಗೊಂಡದ್ದು, ಸುಮ್ನೆ ಲೆಕ್ಕ ಸರಿತೂಗಿಸೋಕೆ ಬಿಡ್ತಿದ್ದೀರಿ ಅಂದರೆ, ಷೆಡ್ಯೂಲಿಗೆ ತುರುಕಬೇಡಿ. ಕೋರ್ಟನ್ನು ಬಳಸಿ ನೋಂದಣಿ, ಮುದ್ರಾಂಕ ಶುಲ್ಕ ತಪ್ಪಿಸುವ ರಾಜಿಗಳನ್ನು ಸುಪ್ರೀಂ ಕೋರ್ಟು 1995ರ ಭೂಪ್ ಸಿಂಗ್ ಪ್ರಕರಣದಲ್ಲೇ ಗುರುತಿಸಿದೆ. ಹೊಸದಾಗಿ ಹಕ್ಕು ಹುಟ್ಟಿಸುವ ರಾಜಿ ಡಿಕ್ರಿಗೆ ನೋಂದಣಿ ಬೇಕು ಅಂತ ಅಲ್ಲಿ ಹೇಳಿದೆ. ಅಂಥ ಸೈಟಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇರೆ ಪತ್ರ ಮಾಡಿಕೊಡಿ. ಅದನ್ನು ರಾಜಿಗೆ ಸಹಿ ಹಾಕುವ ಮುಂಚೆಯೇ ಮಾಡಿ, ರಾಜಿಯಲ್ಲಿ ಆ ದಸ್ತಾವೇಜಿನ ನಂಬರು ಬರೆಯಿರಿ. 'ಮುಂದೆ ಮಾಡಿಕೊಡತಕ್ಕದ್ದು' ಅಂತ ಬಿಟ್ಟರೆ ಮುಂದೆ ಅನ್ನುವುದು ಯಾವತ್ತು ಅಂತ ಮತ್ತೆ ಜಗಳ.

ಇನ್ನು ಹೊಲದ ಗೆರೆ. ನಿಮ್ಮ ಪಹಣಿ ನಾನು ನೋಡಿಲ್ಲ. ಲೆಕ್ಕಕ್ಕೆ, 4 ಎಕರೆ 20 ಗುಂಟೆಯಲ್ಲಿ 6 ಗುಂಟೆ ಖರಾಬು ಅಂತ ಇಟ್ಟುಕೊಳ್ಳೋಣ. ಎಕರೆಗೆ 40 ಗುಂಟೆ, ಒಟ್ಟು 180. ಖರಾಬು ಕಳೆದರೆ 174. ಎರಡು ಭಾಗ ಮಾಡಿದರೆ ತಲಾ 87. ಆದರೆ ನಿಮ್ಮದು ಹಿಂದಿನ ಭಾಗ, ಅಣ್ಣನ ಹೊಲ ದಾಟದೆ ನಿಮಗೆ ರಸ್ತೆ ಇಲ್ಲ. ಟ್ರ್ಯಾಕ್ಟರ್ ಹೋಗೋಕೆ 12 ಅಡಿ ದಾರಿ ಬೇಕು. ಅಣ್ಣನ ಹೊಲದ ಉದ್ದ 400 ಅಡಿ ಇದ್ದರೆ ದಾರಿಗೆ 4,800 ಚದರ ಅಡಿ ಹೋಯಿತು. ಗುಂಟೆಗೆ 1,089 ಚದರ ಅಡಿ, ಅಂದರೆ ಸುಮಾರು ನಾಲ್ಕೂವರೆ ಗುಂಟೆ. ಇದು ಯಾರ ಲೆಕ್ಕಕ್ಕೆ? ಎಲ್ಲರೂ ಮರೆಯುವ ಪ್ರಶ್ನೆ ಇದು. ನನ್ನ ಪ್ರಕಾರ ಅಣ್ಣನಿಗೆ 90 ಗುಂಟೆ, ಅಂದರೆ 2 ಎಕರೆ 10 ಗುಂಟೆ, ನಿಮಗೆ 84 ಗುಂಟೆ, ಅಂದರೆ 2 ಎಕರೆ 4 ಗುಂಟೆ ಅಂತ ಹಾಕಿ, ದಾರಿ ಜಾಗ ಅಣ್ಣನ ಪಾಲಿನಲ್ಲೇ ಇದೆ, ಆದರೆ ನಡೆಯುವ, ಗಾಡಿ ಓಡಿಸುವ ಹಕ್ಕು ನಿಮಗೆ ಶಾಶ್ವತವಾಗಿ ಇದೆ ಅಂತ ಬರೆದರೆ ಲೆಕ್ಕ ಸುಮಾರಾಗಿ ಹೊಂದುತ್ತದೆ. ದಾರಿ ಯಾವ ಬದುವಿನ ಪಕ್ಕ, ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಅಗಲ, ಅದರಲ್ಲಿ ಗಿಡ ನೆಡಬಾರದು, ಬೇಲಿ ಹಾಕಬಾರದು, ಅಣ್ಣ ಮಾರಿದರೆ ಕೊಂಡವರಿಗೂ ಇದು ಅನ್ವಯ ಅಂತ ಸೇರಿಸಿ.

ಗೆರೆಯನ್ನು ಮಾತಿನಲ್ಲಿ ಹೇಳಬೇಡಿ. 'ಪೂರ್ವದ ಭಾಗ', 'ಮಾವಿನ ತೋಟದ ಕಡೆ' ಅಂದರೆ ಸರ್ವೇಯರ್ ಅಲ್ಲೇ ನಿಲ್ಲುತ್ತಾರೆ. ಮಾವಿನ ಮರ ಒಣಗಬಹುದು, ಬದು ಕರಗಬಹುದು. ಪ್ರತಿ ಪಾಲಿಗೂ ಬೇರೆ ಷೆಡ್ಯೂಲು ಮಾಡಿ. ಸರ್ವೆ ನಂಬರು, ವಿಸ್ತೀರ್ಣ, ಖರಾಬು ಎಷ್ಟು ಯಾವ ಕಡೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆಯಿರಿ. ಜೊತೆಗೆ ಅಳತೆ ಇರುವ ನಕ್ಷೆ ಲಗತ್ತಿಸಿ, ನಕ್ಷೆಯೂ ಡಿಕ್ರಿಯ ಭಾಗ ಅಂತ ಅರ್ಜಿಯಲ್ಲಿ ಹೇಳಿ, ನಕ್ಷೆ ಮೇಲೂ ಎಲ್ಲರೂ ಸಹಿ ಹಾಕಿ. ಒಂದು ಸರ್ವೆ ನಂಬರು ಒಡೆಯುವಾಗ ತಾಲ್ಲೂಕು ಕಚೇರಿ ಸರ್ವೆಯವರು ಅಳೆದು ಕೊಡುವ 11ಇ ನಕ್ಷೆ ಕೇಳುತ್ತದೆ. ಸಾಧ್ಯವಾದರೆ ರಾಜಿಗೆ ಮೊದಲೇ ಅದನ್ನು ಮಾಡಿಸಿ, ಅದನ್ನೇ ಲಗತ್ತಿಸಿ. ಡಿಕ್ರಿಯ ಅಳತೆಗೂ 11ಇ ಅಳತೆಗೂ ಎರಡು ಗುಂಟೆ ವ್ಯತ್ಯಾಸ ಬಂದು ಖಾತೆ ನಿಂತುಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೋರ್ಟಿನ ತಡೆ ಇದೆ ಅಂತ ನಿಮ್ಮ ಅರ್ಜಿ ತಗೊಳ್ಳದಿದ್ದರೆ, ಸರ್ವೇಯರ್ ಒಬ್ಬರನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಿ ಅಳೆಸಿಕೊಡಿ ಅಂತ ಎರಡೂ ಕಡೆ ಸೇರಿ ಕೋರ್ಟನ್ನೇ ಕೇಳಬಹುದು. ಒಂದೆರಡು ತಿಂಗಳು ಹೋಗುತ್ತದೆ. ಆರು ವರ್ಷ ಕಾದಿದ್ದೀರಿ, ಇದಕ್ಕೂ ಕಾಯಿರಿ.

ಈ ನಕ್ಷೆಯಿಂದ ಇನ್ನೊಂದು ಲಾಭ ಇದೆ. ವಿಭಾಗದ ದಾವೆಯಲ್ಲಿ ಸಾಮಾನ್ಯವಾಗಿ ಎರಡು ಹಂತ. ಮೊದಲು ಪ್ರಾಥಮಿಕ ಡಿಕ್ರಿ, ಅದು ಯಾರಿಗೆ ಎಷ್ಟನೇ ಒಂದು ಪಾಲು ಅಂತ ಹೇಳುತ್ತದೆ. ಆಮೇಲೆ ಅಂತಿಮ ಡಿಕ್ರಿ, ಅದು ಯಾವ ತುಂಡು ಯಾರಿಗೆ ಅಂತ ಹೇಳುತ್ತದೆ. ರಾಜಿಯಲ್ಲಿ ಬರೀ 'ಅರ್ಧ ಅರ್ಧ' ಅಂತ ಬರೆದರೆ ಬರುವುದು ಪ್ರಾಥಮಿಕ ಡಿಕ್ರಿ. ತುಂಡು ಪಡೆಯಲು ಮತ್ತೆ ಎಫ್‌ಡಿಪಿ ಅಂತ ಅಂತಿಮ ಡಿಕ್ರಿ ಕೇಳುವ ಹೊಸ ಅರ್ಜಿ, ಕಂದಾಯದ ಜಮೀನಾದ್ದರಿಂದ ಅದು ಜಿಲ್ಲಾಧಿಕಾರಿಗೆ ಹೋಗಿ, ಅಲ್ಲಿಂದ ತಹಶೀಲ್ದಾರರಿಗೆ, ಅಲ್ಲಿಂದ ಸರ್ವೆಗೆ. ನೀವೇ ಚೆಕ್ಕುಬಂದಿ, ನಕ್ಷೆ ಸಮೇತ ಹಂಚಿಕೊಂಡು 'ಇದರಂತೆ ಅಂತಿಮ ಡಿಕ್ರಿ ಮಾಡಬೇಕು' ಅಂತ ಪ್ರಾರ್ಥಿಸಿದರೆ ಆ ಸುತ್ತು ಇಲ್ಲ. ಈ ಒಂದು ಸಾಲು ಬಿಟ್ಟುಹೋಗಿ ರಾಜಿಯಾದ ಅಣ್ಣತಮ್ಮಂದಿರು ಮತ್ತೆ ನಾಲ್ಕು ವರ್ಷ ಅಲೆದದ್ದಿದೆ.

ಈಗ ಬೋರ್. ನಮ್ಮ ಕಡೆ ಜಮೀನಿಗಿಂತ ಜಗಳ ಇದಕ್ಕೇ ಜಾಸ್ತಿ, ಅಲ್ವಾ? ಸಾವಿರ ಅಡಿ ಕೊರೆದರೂ ನೀರಿನ ಖಾತ್ರಿ ಇಲ್ಲದ ಜಿಲ್ಲೆ. ಮೊದಲು ಬೋರ್ ಯಾವುದು ಅಂತ ಗುರುತು ಹಾಕಿ. ನಕ್ಷೆಯಲ್ಲಿ ಅದರ ಜಾಗ, ಬೆಸ್ಕಾಂ ಆರ್‌ಆರ್ ನಂಬರು, ಸಂಪರ್ಕ ಯಾರ ಹೆಸರಲ್ಲಿದೆ ಅಂತ ಬರಲಿ. ನೀರನ್ನು ಗಂಟೆ ಲೆಕ್ಕದಲ್ಲಿ ಹಂಚಬೇಡಿ. ತ್ರೀ ಫೇಸ್ ಕರೆಂಟು ಇವತ್ತು ಹಗಲು ಬಂದರೆ ಬರುವ ವಾರ ರಾತ್ರಿ ಬರುತ್ತದೆ, 'ಬೆಳಗ್ಗೆ 6ರಿಂದ 12 ಅಣ್ಣನಿಗೆ' ಅಂತ ಬರೆದರೆ ಆ ಹೊತ್ತಿಗೆ ಕರೆಂಟೇ ಇರುವುದಿಲ್ಲ. ದಿನ ಬಿಟ್ಟು ದಿನ ಹಂಚಿ. ರಾತ್ರಿ 12ರಿಂದ ಮರುದಿನ ರಾತ್ರಿ 12ರವರೆಗೆ ಒಂದು ಸರದಿ, ಇಂಥ ತಾರೀಖಿನ ಸರದಿ ಅಣ್ಣನದು, ಅಲ್ಲಿಂದ ಒಂದು ದಿನ ಬಿಟ್ಟು ಒಂದು ದಿನ. ಒಬ್ಬರ ಸರದಿಯಲ್ಲಿ ಕರೆಂಟು ಕೈಕೊಟ್ಟರೆ ಅದು ಅವರ ಅದೃಷ್ಟ, ಮಾರನೇ ದಿನ ಕೇಳುವಂತಿಲ್ಲ ಅಂತಲೂ ಹಾಕಿ. ಸಣ್ಣ ಮಾತು ಅನ್ನಿಸುತ್ತದೆ. ಮಾವು ಹೂ ಬಿಟ್ಟ ಕಾಲದಲ್ಲಿ ಅದು ಸಣ್ಣದಲ್ಲ.

ಮೋಟಾರು ಸುಟ್ಟರೆ, ಪೈಪು ಒಡೆದರೆ ಖರ್ಚು ಅರ್ಧ ಅರ್ಧ. ಒಬ್ಬರು ರಿಪೇರಿ ಮಾಡಿಸಿ ಬಿಲ್ಲು ಕೊಟ್ಟ 15 ದಿನದೊಳಗೆ ಇನ್ನೊಬ್ಬರು ಕೊಡಬೇಕು. ಕೊಡುವವರೆಗೆ ಅವರ ಸರದಿ ನಿಲ್ಲುತ್ತದೆ, ಕೊಟ್ಟ ಮರುದಿನದಿಂದ ಶುರು. ನಾನು ಆಗ ಬರೆಯದೆ ಬಿಟ್ಟದ್ದು ಇದನ್ನೇ. ನಿಮ್ಮ ಪಾಲಿನಿಂದ ಅಣ್ಣನ ಹೊಲಕ್ಕೆ ಪೈಪು ಎಲ್ಲಿ ಹೋಗುತ್ತದೆ, ಅದನ್ನು ಅಗೆದು ರಿಪೇರಿ ಮಾಡಲು ಅಣ್ಣ ನಿಮ್ಮ ಹೊಲಕ್ಕೆ ಬರಬಹುದು, ಸ್ಟಾರ್ಟರ್ ಪೆಟ್ಟಿಗೆಯ ಕೀಲಿ ಇಬ್ಬರ ಹತ್ತಿರವೂ ಒಂದೊಂದು.

ಬೋರ್ ಬತ್ತಿದರೆ? 'ಬತ್ತಿದರೆ ಹಕ್ಕು ರದ್ದು' ಅಂತ ಬರೆಯಬೇಡಿ. ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬಂದ ಮೇಲೆ ಬತ್ತಿದ್ದ ಬೋರ್‌ಗಳಲ್ಲಿ ಮತ್ತೆ ನೀರು ಕಾಣಿಸಿಕೊಂಡ ಊರುಗಳಿವೆ. ಈ ಬೋರ್‌ನಲ್ಲಿ ನೀರು ಇರುವಷ್ಟು ದಿನ, ಮತ್ತೆ ಬಂದರೆ ಆಗಲೂ ಸರದಿ ಹೀಗೇ. ಹೊಸ ಬೋರ್ ಯಾರು ಯಾರ ಹೊಲದಲ್ಲಿ ಸ್ವಂತ ಖರ್ಚಿನಲ್ಲಿ ಕೊರೆಸುತ್ತಾರೋ ಅದು ಅವರದೇ. ಇಷ್ಟು ಸಾಕು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪಹಣಿಯ 11ನೇ ಕಾಲಂನಲ್ಲಿ ಸಹಕಾರ ಸಂಘದ್ದೋ ಬ್ಯಾಂಕಿನದೋ ಸಾಲ ಇದ್ದರೆ ಅದನ್ನು ಯಾರು ತೀರಿಸಬೇಕು ಅಂತ ಬರೆಯಿರಿ. ಬ್ಯಾಂಕು ನಿಮ್ಮ ರಾಜಿಗೆ ಬದ್ಧ ಅಲ್ಲ, ಆದರೆ ಅಣ್ಣನ ಸಾಲ ನೀವು ಕಟ್ಟಬೇಕಾಗಿ ಬಂದರೆ ವಸೂಲು ಮಾಡಲು ನಿಮಗೆ ಆಧಾರ ಇರುತ್ತದೆ. ಸಹಿಗೆ ಮುಂಚೆ ಹೊಸ ಇ.ಸಿ., ಅಂದರೆ ಋಣಭಾರ ಪತ್ರ ತೆಗೆಸಿ, ದಾವೆ ನಡೆಯುವಾಗ ಯಾರಾದರೂ ಏನಾದರೂ ಮಾರಿದ್ದಾರಾ, ಕರಾರು ಬರೆದಿದ್ದಾರಾ ನೋಡಿ. ದಾವೆಯಲ್ಲಿ ಆದ ತಡೆಯಾಜ್ಞೆ ತೆರವಾಗಬೇಕು, ಪಹಣಿಯಲ್ಲಿ ಅದರ ನಮೂದು ತೆಗೆಯಬೇಕು ಅಂತ ಕೇಳಿಕೊಳ್ಳಿ. ಉಪವಿಭಾಗಾಧಿಕಾರಿ ಕೋರ್ಟಿನಲ್ಲಿ ಖಾತೆ ಮೇಲಿನ ಅಪೀಲು ಇದ್ದರೆ ಅದರ ನಂಬರು ಹಾಕಿ, ಯಾರು ಯಾವಾಗ ವಾಪಸು ತಗೊಳ್ಳುತ್ತಾರೆ ಅಂತ ಬರೆಯಿರಿ. ಜಗಳದ ಕಾಲದ ಪೊಲೀಸ್ ಕೇಸು ಇದ್ದರೆ ಅದು ಈ ರಾಜಿಯಿಂದ ತಾನಾಗಿ ಮುಗಿಯುವುದಿಲ್ಲ, ಅದಕ್ಕೆ ಆ ಕೋರ್ಟಿನಲ್ಲೇ ಬೇರೆ ಕ್ರಮ ಬೇಕು. ನಿಮ್ಮದರಲ್ಲಿ ಅಪ್ರಾಪ್ತ ಮಕ್ಕಳು ಪಕ್ಷಕಾರರಲ್ಲ. ಇದನ್ನು ಓದುವ ಬೇರೆಯವರ ದಾವೆಯಲ್ಲಿ ಇದ್ದರೆ, ಮಗುವಿನ ಹಿತಕ್ಕೆ ರಾಜಿ ಒಳ್ಳೆಯದು ಅಂತ ಪೋಷಕರು ಪ್ರಮಾಣಪತ್ರ ಹಾಕಿ ಕೋರ್ಟಿನ ಅನುಮತಿ ಮೊದಲು ತಗೊಳ್ಳಬೇಕು. ಅದಿಲ್ಲದ ರಾಜಿಯನ್ನು ಮಗು ದೊಡ್ಡವನಾದ ಮೇಲೆ ಮುರಿಯಬಹುದು.

ಲೋಕ್ ಅದಾಲತ್ತಿನಲ್ಲಿ ಮಾಡೋದಾ, ಮಾಮೂಲಿ ಕೋರ್ಟಲ್ಲಿ ಮಾಡೋದಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳೇ ಹೇಳುತ್ತಾರೆ. ಅಲ್ಲಿನ ಅವಾರ್ಡಿಗೂ ಡಿಕ್ರಿಯ ಬಲವೇ ಇದೆ, ಅಪೀಲು ಇಲ್ಲ, ಹೈಕೋರ್ಟಿಗೆ ರಿಟ್ ಮಾತ್ರ. ಕೋರ್ಟ್ ಫೀ ವಾಪಸು ಬರುತ್ತದೆ ಅನ್ನುವುದು ನಿಜ. ಆದರೆ ಜಂಟಿ ಸ್ವಾಧೀನದಲ್ಲಿದ್ದೇವೆ ಅಂತ ಹಾಕಿದ ವಿಭಾಗದ ದಾವೆಗೆ ಕಟ್ಟಿರುವುದೇ ಹೆಚ್ಚೆಂದರೆ 200 ರೂಪಾಯಿ. ಅದಕ್ಕಾಗಿ ಓಡಬೇಡಿ. ಅದಾಲತ್ತಿನ ದಿನ ಜನ ಜಾತ್ರೆ. ಅವತ್ತು ಕೂತು ಬರೆಯೋಕೆ ಹೊರಟರೆ ನನ್ನ ಹಳೆಯ ರಾಜಿಯಂಥದ್ದೇ ಆಗುತ್ತದೆ. ಟೈಪಾದ ಅರ್ಜಿ, ನಕ್ಷೆ, ಡಿ.ಡಿ. ಎಲ್ಲ ಸಿದ್ಧ ಇದ್ದರೆ ಎರಡರಲ್ಲಿ ಎಲ್ಲಾದರೂ ಆಗಬಹುದು.

ಆ ದಿನ ನಾಲ್ವರೂ ಖುದ್ದು ಹೋಗಿ. ವಕೀಲರು ಸಹಿ ಹಾಕಿದರೆ ಸಾಕು ಅನ್ನುವ ತೀರ್ಪುಗಳು ಇದ್ದರೂ ಅಣ್ಣತಮ್ಮಂದಿರ ವಿಷಯದಲ್ಲಿ ನಾನು ಅದನ್ನು ನೆಚ್ಚುವುದಿಲ್ಲ. ಪ್ರತಿ ಪುಟಕ್ಕೂ ಸಹಿ ಇರಲಿ. ಅಮ್ಮ ಹೆಬ್ಬೆಟ್ಟು ಹಾಕುವವರಾದರೆ ಅರ್ಜಿಯನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿದ್ದೇವೆ ಅಂತ ಕೆಳಗೆ ಬರೆದು, ಓದಿದವರೂ ಸಹಿ ಮಾಡಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅಮ್ಮನಿಗೆ ತೆಲುಗೇ ಸಲೀಸು ಅಂದರೆ ತೆಲುಗಲ್ಲೇ ಹೇಳಿ, ಹಾಗೆಂದೇ ನಮೂದಿಸಿ. ನ್ಯಾಯಾಧೀಶರು ಒಬ್ಬೊಬ್ಬರನ್ನೇ ಕೇಳುತ್ತಾರೆ: ಇದು ನಿಮ್ಮ ಸಹಿನಾ, ಒಪ್ಪಿ ಹಾಕಿದ್ದೀರಾ, ಯಾರಾದರೂ ಬಲವಂತ ಮಾಡಿದ್ದಾರಾ. ಆ ಉತ್ತರಗಳು ಆರ್ಡರ್ ಶೀಟಿನಲ್ಲಿ ಬರುತ್ತವೆ. ಮುಂದೆ ಯಾರಾದರೂ ಮೋಸ ಆಯಿತು ಅಂದರೆ ಕೋರ್ಟು ಮೊದಲು ತೆಗೆದು ನೋಡುವುದು ಅದನ್ನೇ.

ಡಿಕ್ರಿ ಆಯಿತು ಅಂತ ಮನೆಗೆ ಹೋಗಿ ಮಲಗಬೇಡಿ. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಬೇಕು. ಕುಟುಂಬದೊಳಗಿನ ವಿಭಾಗಕ್ಕೆ ಪಾಲೊಂದಕ್ಕೆ ಇಷ್ಟು ಅಂತ ಸುಂಕ ನಿಗದಿ ಇದೆ, ಮಾರುಕಟ್ಟೆ ಬೆಲೆ ಮೇಲೆ ಅಲ್ಲ. ಈಗಿನ ದರ ಕೇಳಿಕೊಂಡು ಛಾಪಾ ಕಾಗದವನ್ನು ಕೋರ್ಟಿಗೆ ಕೊಡಿ. ಇದಕ್ಕೆ ತಡ ಮಾಡುವವರು ಒಂದು ವಿಷಯ ಗಮನಿಸಬೇಕು. ಡಿಕ್ರಿ ಅಮಲ್ಜಾರಿಗೆ 12 ವರ್ಷ ಕಾಲಾವಕಾಶ. ಅದು ಎಣಿಕೆಯಾಗುವುದು ಡಿಕ್ರಿಯ ತಾರೀಖಿನಿಂದ, ಛಾಪಾ ಕಾಗದ ಕೊಟ್ಟ ದಿನದಿಂದ ಅಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಚಿರಂಜಿ ಲಾಲ್ ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಛಾಪಾ ಕಾಗದ ಕೊಡದೆ ಹದಿಮೂರು ವರ್ಷ ಕೂತವರಿಗೆ ಅಮೀನನ ನೆರವು ಸಿಗುವುದಿಲ್ಲ.

ದೃಢೀಕೃತ ನಕಲು ಕೈಗೆ ಬಂದ ಮೇಲೆ 11ಇ ನಕ್ಷೆ ಜೊತೆ ತಹಶೀಲ್ದಾರರಿಗೆ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಕಂದಾಯ ಕಾಯ್ದೆಯ 128ನೇ ಕಲಂ ಹಕ್ಕು ಬಂದ ಮೂರು ತಿಂಗಳೊಳಗೆ ತಿಳಿಸಬೇಕು ಅನ್ನುತ್ತದೆ. ಮನೆಗೆ ಗ್ರಾಮ ಪಂಚಾಯ್ತಿಯಲ್ಲಿ ಇ-ಸ್ವತ್ತು ಖಾತೆ ಬೇರೆ. ಆರ್‌ಆರ್ ನಂಬರು ಅಪ್ಪನ ಹೆಸರಲ್ಲೇ ಇದ್ದರೆ ಬೆಸ್ಕಾಂನಲ್ಲಿ ಹೆಸರು ಬದಲಾಯಿಸಿಕೊಳ್ಳಿ. ಹೊಸ ಪಹಣಿ ಬಂದಾಗ ಮೂರು ಕಡೆ ಕಣ್ಣು ಹಾಯಿಸಿ. 9ನೇ ಕಾಲಂನಲ್ಲಿ ನಿಮ್ಮೊಬ್ಬರದೇ ಹೆಸರು ಮತ್ತು 2 ಎಕರೆ 4 ಗುಂಟೆ, 10ರಲ್ಲಿ ಕೋರ್ಟ್ ಡಿಕ್ರಿ ಆಧಾರದ ಖಾತೆ ಬದಲಾವಣೆಯ ಎಂ.ಆರ್. ನಂಬರು, 11ರಲ್ಲಿ ಹಳೆಯ ತಡೆಯಾಜ್ಞೆಯ ನಮೂದು ಇಲ್ಲದಿರುವುದು. 11ರಲ್ಲಿ ಅದು ಹಾಗೇ ಉಳಿದಿದ್ದರೆ ಡಿಕ್ರಿಯ ನಕಲು ಹಿಡಿದು ಅವತ್ತೇ ಮತ್ತೊಂದು ಅರ್ಜಿ ಬರೆಯಿರಿ.